ಹಾಲೆ ಮರ ಅಂದ್ರೆ ಯಾವ ಮರ? ಆಟಿ ಕಷಾಯದ ಎಚ್ಚರಿಕೆಗಳ ಹಿಂದಿರೋ ಹೆಸರಿನ ಗೋಜಲು

ತುಳುವರ ಆಟಿ ತಿಂಗಳ ಅಮಾವಾಸ್ಯೆ ಹತ್ರ ಬಂತು ಅಂದ್ರೆ ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ತರದ ಸುದ್ದಿ ಒಟ್ಟೊಟ್ಟಿಗೆ ಓಡಾಡ್ತದೆ. ಒಂದು, ಹಾಲೆ ಮರದ ಕೆತ್ತೆಯ, ಅಂದ್ರೆ ತೊಗಟೆಯ, ಕಷಾಯ ಮಾಡೋದು ಹೇಗೆ, ಯಾಕೆ ಕುಡಿಬೇಕು ಅನ್ನೋದು. ಇನ್ನೊಂದು, ಮರದ ಗುರ್ತ ಸರಿಯಾಗಿ ಇಲ್ಲದಿದ್ರೆ ಕುಡಿಯೋ ಸಾಹಸ ಬೇಡ, ಬೇರೆ ಮರದ ಕೆತ್ತೆ ಹೊಟ್ಟೆಗೆ ಹೋದ್ರೆ ಜೀವಕ್ಕೇ ಅಪಾಯ ಅನ್ನೋ ಎಚ್ಚರಿಕೆ. ಎರಡೂ ಸರಿಯೇ. ಆದ್ರೆ ಓದುವವರಿಗೆ ತಲೆ ಕೆಡೋದು ಎಲ್ಲಿ ಅಂದ್ರೆ, ಒಂದು ಮೆಸೇಜಲ್ಲಿ ಹಾಲೆ ಅಂತ ಇರ್ತದೆ, ಇನ್ನೊಂದರಲ್ಲಿ ಪಾಲೆ, ಮತ್ತೊಂದರಲ್ಲಿ ಮದ್ದಾಲೆ, ಕೆಳಗೆ ಯಾರೋ ಒಬ್ರು ಸಪ್ತಪರ್ಣಿ ಅಂತ ತಿದ್ದುಪಡಿ ಹಾಕ್ತಾರೆ, ಅಷ್ಟರಲ್ಲಿ ಬೆಂಗಳೂರಲ್ಲಿರೋ ನೆಂಟರೊಬ್ರು "ಹಾಲೆ ಮರ ನಮ್ಮಲ್ಲೂ ಉಂಟು, ಗೊಂಬೆ ಮಾಡ್ತಾರಲ್ಲ, ಅದೇ" ಅಂತ ಒಂದು ಫೋಟೋ ಕಳಿಸ್ತಾರೆ, ಆ ಫೋಟೋದಲ್ಲಿರೋದು ಬೇರೆಯೇ ಮರ.

ಅವ್ರು ಸುಳ್ಳು ಹೇಳಿದ್ದಲ್ಲ ಅನ್ನೋದೇ ಇಲ್ಲಿರೋ ಸ್ವಾರಸ್ಯ. ಅವ್ರ ಊರಲ್ಲಿ ಅದೂ ಹಾಲೆ ಮರವೇ.

ಕಷಾಯಕ್ಕೆ ಬೇಕಾದ ಮರ

ತುಳುನಾಡಲ್ಲಿ ಆಟಿ ಅಮಾವಾಸ್ಯೆಗೆ ಕೆತ್ತೆ ತೆಗೆಯೋ ಮರ ತುಳುವಲ್ಲಿ ಪಾಲೆ, ಕನ್ನಡದಲ್ಲಿ ಹಾಲೆ. ಏಳೆಲೆ ಹಾಲೆ ಅಂತಲೂ, ಮದ್ದಾಲೆ ಅಂತಲೂ ಹೇಳುವವರುಂಟು. ಸಂಸ್ಕೃತದಲ್ಲಿ ಸಪ್ತಪರ್ಣ, ಮಲಯಾಳಂನಲ್ಲಿ ಏಳಿಲಂಪಾಲ, ಮರಾಠಿಯಲ್ಲಿ ಸಾತವಿಣ. ಸಸ್ಯಶಾಸ್ತ್ರದ ಹೆಸರು ಆಲ್ಸ್ಟೋನಿಯಾ ಸ್ಕೋಲಾರಿಸ್. ಈ ಹೆಸರಿನ ಎರಡನೇ ಭಾಗ ಬಂದದ್ದು ಶಾಲೆಯಿಂದ, ಈ ಮರದ ಹಗುರ ಹಲಗೆಯನ್ನ ಮಕ್ಕಳು ಬರೆಯೋದಕ್ಕೆ ಬಳಸ್ತಿದ್ರು. ಮೊದಲ ಭಾಗ ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರ ಕಲಿಸ್ತಿದ್ದ ಚಾರ್ಲ್ಸ್ ಆಲ್ಸ್ಟನ್ ಅನ್ನೋರ ನೆನಪಿಗೆ ಇಟ್ಟದ್ದು.

ಕ್ರಮ ಎಲ್ಲರಿಗೂ ಗೊತ್ತಿರೋದೇ. ಸೂರ್ಯ ಹುಟ್ಟೋ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಲ್ಲೇ ಜಜ್ಜಿ ಕೆತ್ತೆ ತೆಗೆಯೋದು, ಮನೆಗೆ ತಂದು ಕಾಳುಮೆಣಸು, ಬೆಳ್ಳುಳ್ಳಿ, ಓಮ ಎಲ್ಲ ಸೇರಿಸಿ ಅರೆದು ರಸ ತೆಗೆಯೋದು, ಬಿಳಿ ಬೆಣಚು ಕಲ್ಲನ್ನ ಕೆಂಡದಲ್ಲಿ ಕಾಯಿಸಿ ಅದ್ರಿಂದ ಒಗ್ಗರಣೆ ಕೊಡೋದು, ಖಾಲಿ ಹೊಟ್ಟೆಗೆ ಕುಡಿಯೋದು, ಮೇಲಿಂದ ಮೆಂತೆ ಗಂಜಿ. ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇರ್ತದೆ ಅಷ್ಟೆ. ಈ ಲೇಖನಕ್ಕೆ ಇದ್ರಲ್ಲಿ ಮುಖ್ಯವಾದದ್ದು ಎರಡೇ ವಿಷಯ. ಕೆತ್ತೆ ತೆಗೆಯೋದು ಕತ್ತಲಲ್ಲಿ. ತೆಗೆಯೋದು ಕೆತ್ತೆ ಮಾತ್ರ, ಎಲೆಯಲ್ಲ, ಹೂವಲ್ಲ, ಕಾಯಿಯಲ್ಲ. ಮರವನ್ನ ಗುರುತಿಸೋದಕ್ಕೆ ಸುಲಭವಾದ ಭಾಗಗಳೆಲ್ಲ ಮೇಲೆ ಉಳೀತದೆ, ಗುರುತಿಸೋದಕ್ಕೆ ಅತೀ ಕಷ್ಟವಾದ ಭಾಗ ಮನೆಗೆ ಬರ್ತದೆ.

ಚನ್ನಪಟ್ಟಣದ ಹಾಲೆ ಬೇರೆ

ಘಟ್ಟ ಹತ್ತಿ ಬಯಲುಸೀಮೆಗೆ ಹೋಗಿ ಹಾಲೆ ಮರ ತೋರಿಸಿ ಅಂದ್ರೆ ತೋರಿಸೋದು ಸಾಮಾನ್ಯವಾಗಿ ರೈಟಿಯಾ ಟಿಂಕ್ಟೋರಿಯಾ ಅನ್ನೋ ಮರವನ್ನ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸೋ ಮರ ಇದೇ, ಅಲ್ಲಿಯವ್ರ ಬಾಯಲ್ಲಿ ಹಾಲೆ ಅಥವಾ ಆಲೆ. ದಂತದ ಹಾಗೆ ಬಿಳಿ, ನುಣುಪು, ಲೇತ್ ಮೆಷಿನಲ್ಲಿ ಚಂದ ಕಡೆಯೋದಕ್ಕೆ ಬರ್ತದೆ, ಮೇಲೆ ಅರಗಿನ ಬಣ್ಣ ಹಿಡೀತದೆ. ನಮ್ಮ ಕಡೆಯ ಹಾಲೆ ದೊಡ್ಡ ಮರ, ಎತ್ತರಕ್ಕೆ ಹೋಗ್ತದೆ, ಅದ್ರ ಮರ ಹಗುರ, ಮೆದು. ಬೊಂಬೆ ಹಾಲೆ ಚಿಕ್ಕ ಮರ, ಒಣ ಪ್ರದೇಶದ್ದು, ಎಲೆ ಕೊಂಬೆಯ ಮೇಲೆ ಎದುರೆದುರು ಜೋಡಿ ಜೋಡಿಯಾಗಿ ಇರ್ತದೆ. ಎಲೆಯಿಂದ ನೀಲಿ ಬಣ್ಣ ತೆಗೀತಿದ್ದ ಕಾರಣ ಟಿಂಕ್ಟೋರಿಯಾ, ಅಂದ್ರೆ ಬಣ್ಣಕ್ಕೆ ಬರೋದು ಅನ್ನೋ ಅರ್ಥದ ಹೆಸರು.

ಮೂರನೇದು ಕೊಡಸಿಗೆ. ಇದ್ರ ಹೂವಿಂದ ತಂಬುಳಿ ಮಾಡೋರಿಗೆ ಹೆಸರು ಕೇಳಿದ ಕೂಡ್ಲೆ ಗೊತ್ತಾಗ್ತದೆ, ಸಂಸ್ಕೃತದಲ್ಲಿ ಕುಟಜ, ಹೊಲರೀನಾ ಪ್ಯುಬೆಸೆನ್ಸ್. ಮಲಯಾಳಂನಲ್ಲಿ ಇದಕ್ಕೂ ಪಾಲ ಅಂತಲೇ ಇರೋದು, ಕುಡಗಪಾಲ. ಇದ್ರ ತೊಗಟೆ ಹೊಟ್ಟೆ ಕೆಟ್ಟಾಗ, ಆಮಶಂಕೆಗೆ ಕೊಡೋ ಮದ್ದು ಅಂತ ಆಯುರ್ವೇದದಲ್ಲಿ ಹೆಸರುವಾಸಿ.

ಮೂರೂ ಒಂದೇ ಕುಟುಂಬದ್ದು, ಕಣಗಿಲೆಯ ಕುಟುಂಬ. ಮೂರಕ್ಕೂ ಗಾಯ ಮಾಡಿದ್ರೆ ಬಿಳಿ ಹಾಲು ಬರ್ತದೆ, ಮೂರರ ಹೂವೂ ಬಿಳಿ ಬಣ್ಣದ ಹತ್ತಿರವೇ, ಮೂರಕ್ಕೂ ಜೋಡಿ ಕೋಡಿನ ಹಾಗೆ ಉದ್ದ ಕಾಯಿ ತೂಗ್ತದೆ. ಬೊಂಬೆ ಹಾಲೆಯಲ್ಲಿ ಎರಡು ಕಾಯಿಗಳ ತುದಿ ಒಂದಕ್ಕೊಂದು ಅಂಟಿಕೊಂಡಿರ್ತದೆ, ಬಲಿತ ಮೇಲೆ ಬಿಡ್ತದೆ, ಉಳಿದೆರಡರಲ್ಲಿ ಹಾಗಿಲ್ಲ. ಇಷ್ಟು ಹತ್ತಿರದ ಸಂಬಂಧಿಗಳಿಗೆ ಜನ ಒಂದೇ ಹೆಸರು ಇಟ್ಟದ್ದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಹಾಲು ಬರೋ ಮರ ಹಾಲೆ. ತರ್ಕ ಸರಿಯಾಗಿಯೇ ಉಂಟು.

ಬರೀ ಹೆಸರು ಯಾರಿಗೆ ಸಿಗ್ತದೆ

ಒಂದೇ ಹೆಸರು ಹಲವು ಮರಕ್ಕೆ ಬರೋದಕ್ಕೆ ಜನರ ಅಜ್ಞಾನವೇ ಕಾರಣ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. ಅದು ತಪ್ಪು. ಊರಿನ ಹೆಸರುಗಳು ಒಂದು ಲೆಕ್ಕದ ಪ್ರಕಾರವೇ ನಡೀತವೆ. ಯಾವುದೇ ಊರಲ್ಲಿ ಒಂದು ಗುಂಪಿನ ಗಿಡಗಳಲ್ಲಿ ಯಾವುದು ಹೆಚ್ಚು ಕಣ್ಣಿಗೆ ಬೀಳ್ತದೋ, ಹೆಚ್ಚು ಕೆಲಸಕ್ಕೆ ಬರ್ತದೋ, ಅದಕ್ಕೆ ಬರೀ ಹೆಸರು ಸಿಗ್ತದೆ. ಉಳಿದವಕ್ಕೆ ಮುಂದೆ ಒಂದು ಗುರ್ತ ಸೇರಿಸಿ ಕರೀತಾರೆ, ಕಾಡು ಅಂತಲೋ, ಏಳೆಲೆ ಅಂತಲೋ, ಹಲ್ಲು ಅಂತಲೋ. ಮಲಯಾಳಂನಲ್ಲಿ ಇದು ತುಂಬ ಸ್ಪಷ್ಟವಾಗಿ ಕಾಣ್ತದೆ, ಏಳಿಲಂಪಾಲ, ಕುಡಗಪಾಲ, ದಂತಪಾಲ ಅಂತ ಮೂರಕ್ಕೂ ಬೇರೆ ಬೇರೆ ಗುರ್ತ ಉಂಟು, ದಂತಪಾಲ ಅಂದ್ರೆ ನಮ್ಮ ಬೊಂಬೆ ಹಾಲೆ.

ಕರಾವಳಿಯಲ್ಲಿ ಆಲ್ಸ್ಟೋನಿಯಾ ಸಾಮಾನ್ಯ, ಮೇಲಾಗಿ ಆಟಿಯ ಮದ್ದು ಅದ್ರದ್ದೇ, ಹಾಗಾಗಿ ಇಲ್ಲಿ ಬರೀ ಹಾಲೆ, ಬರೀ ಪಾಲೆ ಅಂದ್ರೆ ಅದೇ. ಏಳೆಲೆ ಅಂತ ಸೇರಿಸೋ ಅಗತ್ಯ ಯಾರಿಗೂ ಕಾಣೋದಿಲ್ಲ. ಚನ್ನಪಟ್ಟಣದ ಕಡೆ ಕೈಗೆ ಸಿಗೋದು, ಹೊಟ್ಟೆಪಾಡಿಗೆ ಬರೋದು ರೈಟಿಯಾ, ಅಲ್ಲಿ ಬರೀ ಹೆಸರು ಅದಕ್ಕೆ. ಎರಡೂ ಕಡೆ ಹೆಸರು ಅದ್ರ ಕೆಲಸವನ್ನ ಸರಿಯಾಗಿ ಮಾಡ್ತಾ ಉಂಟು. ಊರಲ್ಲಿ "ಭಟ್ರ ಮನೆ ಎಲ್ಲಿ" ಅಂತ ಕೇಳಿದ್ರೆ ಎಲ್ಲರೂ ಒಂದೇ ಮನೆ ತೋರಿಸ್ತಾರೆ, ಅದೇ ಪ್ರಶ್ನೆಯನ್ನ ಉಡುಪಿ ರಥಬೀದಿಯಲ್ಲಿ ನಿಂತು ಕೇಳಿದ್ರೆ ಕೇಳಿದವ್ರಿಗೇ ನಗು ಬರ್ತದೆ, ಇದೂ ಹಾಗೆಯೇ.

ತೊಂದರೆ ಶುರುವಾಗೋದು ಹೆಸರು ಊರು ಬಿಟ್ಟು ಹೊರಟಾಗ. ಬಂಟ್ವಾಳದಲ್ಲಿ ಯಾರೋ ಮಾಡಿದ ವಿಡಿಯೋ ಬೆಂಗಳೂರಲ್ಲಿ, ಮುಂಬೈಯಲ್ಲಿ ನೋಡ್ತಾರೆ. ವಿಡಿಯೋದಲ್ಲಿ ಹೇಳಿದ್ದು ಬರೀ ಹೆಸರು. ಕೇಳಿದವ್ರು ಅಲ್ಲಿಯ ತೋಟದವ್ರ ಹತ್ರ, ನರ್ಸರಿಯಲ್ಲಿ ಅದೇ ಬರೀ ಹೆಸರು ಹೇಳ್ತಾರೆ, ಅವ್ರು ಅವ್ರ ಊರಿನ ಅರ್ಥದ ಮರ ತೋರಿಸ್ತಾರೆ. ಮಧ್ಯದಲ್ಲಿ ಯಾರೂ ತಪ್ಪು ಮಾಡಿಲ್ಲ, ಆದ್ರೂ ಕೊನೆಗೆ ಕೈಗೆ ಬಂದದ್ದು ಬೇರೆ ಮರದ ಕೆತ್ತೆ. ಇನ್ನೂ ತಮಾಷೆ ಅಂದ್ರೆ ಆಲ್ಸ್ಟೋನಿಯಾವನ್ನ ನಗರಗಳಲ್ಲಿ ರಸ್ತೆ ಬದಿ ಮರವಾಗಿ ಬೇಕಾದಷ್ಟು ನೆಟ್ಟಿದ್ದಾರೆ, ಮಳೆಗಾಲ ಕಳೆದ ಮೇಲೆ ರಾತ್ರಿ ಮೂಗಿಗೆ ಹೊಡೆಯೋ ವಾಸನೆಯ ಹೂ ಬಿಡೋ ಮರ ಅದೇ. ಬೇಕಾದ ಮರ ಗೇಟಿನ ಎದುರೇ ಇರಬಹುದು, ಹೆಸರು ಹಿಡಿದು ಹುಡುಕಿದವ್ರಿಗೆ ಸಿಗೋದು ಮಾತ್ರ ಇನ್ನೊಂದು.

ವಿಷ ಬರೋದು ಬೇರೆ ದಾರಿಯಿಂದ

ಇಲ್ಲಿ ಎರಡು ತರದ ತಪ್ಪನ್ನ ಬೇರೆ ಬೇರೆ ಇಟ್ಟು ನೋಡ್ಬೇಕು, ಎಚ್ಚರಿಕೆಯ ಮೆಸೇಜುಗಳಲ್ಲಿ ಇವೆರಡೂ ಕಲಸಿಹೋಗಿರ್ತದೆ. ಹಾಲೆ ಅಂತ ಕೇಳಿ ಇನ್ನೊಂದು ಹಾಲೆ ತಂದದ್ದು ಹೆಸರಿನ ತಪ್ಪು. ಹಾಲೆ ಅಂತ ಹೋಗಿ ಹಾಲೆಯೇ ಅಲ್ಲದ ಮರವನ್ನ ಜಜ್ಜಿದ್ದು ಗುರುತಿನ ತಪ್ಪು. ವೈದ್ಯರು ಹೆಚ್ಚು ಹೆದರೋದು ಎರಡನೇದಕ್ಕೆ, ಯಾಕಂದ್ರೆ ಅಲ್ಲಿ ಕಾಸರಕ ಇರ್ತದೆ.

ಕಾಸರಕ, ತುಳುವಲ್ಲಿ ಕಾಯೆರ್, ಸಸ್ಯಶಾಸ್ತ್ರದಲ್ಲಿ ಸ್ಟ್ರಿಕ್ನಾಸ್ ನಕ್ಸ್ ವಾಮಿಕಾ. ಕರಾವಳಿಯ ಗುಡ್ಡ, ಬನಗಳಲ್ಲಿ ಹಾಲೆಯ ಅಕ್ಕಪಕ್ಕವೇ ಬೆಳೆಯೋ ಮರ. ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಅನ್ನೋ ವಿಷಗಳಿರ್ತವೆ. ಇದು ನರಗಳ ಮೇಲಿನ ಹಿಡಿತವನ್ನ ತಪ್ಪಿಸೋ ವಿಷ, ಮಾಂಸಖಂಡಗಳು ಸಡಿಲ ಆಗಬೇಕಾದಲ್ಲಿ ಆಗೋದಿಲ್ಲ, ಕುಡಿದ ಸ್ವಲ್ಪ ಹೊತ್ತಲ್ಲೇ ದವಡೆ, ಕುತ್ತಿಗೆ ಬಿಗೀತದೆ, ಸಣ್ಣ ಶಬ್ದಕ್ಕೂ ಮೈ ಸೆಟೆದು ನಡುಗ್ತದೆ, ಅಷ್ಟಾದ್ರೂ ಪ್ರಜ್ಞೆ ಸರಿಯಾಗಿಯೇ ಇರಬಹುದು. ಹೀಗೆ ಆದ್ರೆ ಮನೆಯಲ್ಲಿ ವಾಂತಿ ಮಾಡಿಸೋದಕ್ಕೆ ಹೋಗಬಾರದು, ಅದ್ರಿಂದಲೇ ಸೆಳೆತ ಜೋರಾಗಬಹುದು. ಸೀದ ಆಸ್ಪತ್ರೆ, ಕೈಯಲ್ಲಿ ಉಳಿದ ಕೆತ್ತೆಯ ತುಂಡು, ಸಾಧ್ಯ ಆದ್ರೆ ಅದೇ ಮರದ ಒಂದು ಗೆಲ್ಲು.

ಎಲೆ ನೋಡಿದ್ರೆ ಹಾಲೆಗೂ ಕಾಸರಕಕ್ಕೂ ಗೊಂದಲ ಆಗೋದೇ ಇಲ್ಲ. ಹಾಗಾದ್ರೆ ತಪ್ಪು ಯಾಕೆ ಆಗ್ತದೆ? ಕತ್ತಲು, ಮಳೆ, ಪಾಚಿ ಹಿಡಿದ ಬೂದು ಬಣ್ಣದ ಕಾಂಡ, ತಲೆ ಎತ್ತಿ ನೋಡಿದ್ರೂ ಕಾಣದ ಎಲೆ. ಆಟಿಯಲ್ಲಿ ಹಾಲೆಗೆ ಹೂವೂ ಇಲ್ಲ, ಅದು ಹೂ ಬಿಡೋದು ಮಳೆ ಬಿಟ್ಟ ಮೇಲೆ. ಮತ್ತೆ ರುಚಿಯಿಂದ ಗೊತ್ತಾಗ್ತದಲ್ಲ ಅಂತ ಯಾರಾದ್ರೂ ಹೇಳಬಹುದು. ಗೊತ್ತಾಗೋದಿಲ್ಲ. ಹಾಲೆ ಕಹಿ, ಕೊಡಸಿಗೆ ಕಹಿ, ಕಾಸರಕ ಇವೆರಡಕ್ಕಿಂತ ಕಹಿ. ಕಷಾಯ ಕಹಿ ಇರ್ಬೇಕು ಅಂತ ಮೊದಲೇ ತಯಾರಾಗಿ ಕೂತವ್ರಿಗೆ ಕಹಿ ಜಾಸ್ತಿ ಆದ್ರೆ ಮದ್ದಿನ ಅಂಶ ಜಾಸ್ತಿ ಉಂಟು ಅಂತಲೇ ಕಾಣ್ತದೆ, ಎಚ್ಚರಿಕೆಯ ಗಂಟೆ ಹೊಡೆಯೋ ಜಾಗದಲ್ಲಿ ಸಮಾಧಾನ ಆಗ್ತದೆ.

ಹಿಂದೆ ಕೆಲವು ಮನೆಗಳಲ್ಲಿ ಮುಂಚಿನ ದಿನವೇ ಹಗಲಲ್ಲಿ ಹೋಗಿ ಮರ ನೋಡಿ ಗುರ್ತ ಮಾಡಿ ಬರೋ ಕ್ರಮ ಇತ್ತು. ಭಕ್ತಿಯ ಕಾರಣ ಹೇಳಿದ್ರೂ ಅದ್ರ ಉಪಯೋಗ ಇದೇ. ಕತ್ತಲಲ್ಲಿ ಕೆತ್ತೆ ತೆಗೆಯೋ ಕ್ರಮ ಉಳೀತು, ಹಗಲಲ್ಲಿ ನೋಡಿ ಬರೋದು ಸುಮಾರು ಕಡೆ ಬಿಟ್ಟುಹೋಯ್ತು.

ಹಾಲು ಬಂದ್ರೆ ಸಾಕಾ?

ವಾಟ್ಸಾಪಲ್ಲಿ ಬರೋ ಸಲಹೆಗಳಲ್ಲಿ ಒಂದು ಹೀಗುಂಟು: ಕೆತ್ತೆಗೆ ಗಾಯ ಮಾಡಿ, ಬಿಳಿ ಹಾಲು ಬಂದ್ರೆ ಹಾಲೆ, ಬರದಿದ್ರೆ ಅಲ್ಲ. ಅರ್ಧ ಸರಿ. ಕಾಸರಕಕ್ಕೆ ಹಾಲು ಇಲ್ಲ, ಹಾಗಾಗಿ ಹಾಲು ಬರಲಿಲ್ಲ ಅಂದ್ರೆ ಆ ಮರ ಮುಟ್ಟಬಾರದು ಅನ್ನೋದು ಗಟ್ಟಿ ಮಾತು. ಆದ್ರೆ ಹಾಲು ಬಂತು ಅಂದ ಕೂಡ್ಲೆ ಅದು ಹಾಲೆ ಅಂತ ಆಗೋದಿಲ್ಲ. ಹೊಳೆ ಬದಿ, ಹಿನ್ನೀರಿನ ಅಂಚಲ್ಲಿ ಹಸಿರು ಮಾವಿನಕಾಯಿಯ ಹಾಗೆ ಕಾಯಿ ಬಿಡೋ ಮರವೊಂದು ಉಂಟು, ಮಲಯಾಳಂನಲ್ಲಿ ಒದಳಂ, ಸಸ್ಯಶಾಸ್ತ್ರದಲ್ಲಿ ಸರ್ಬೆರಾ ಓಡೋಲ್ಲಮ್. ಅದೂ ಇದೇ ಕುಟುಂಬ, ಅದಕ್ಕೂ ಬಿಳಿ ಹಾಲು, ಎಲೆಗಳು ಗೆಲ್ಲಿನ ತುದಿಯಲ್ಲಿ ಒತ್ತೊತ್ತಾಗಿ ಇರೋದ್ರಿಂದ ದೂರದಿಂದ ಸುತ್ತ ಜೋಡಿಸಿದ ಹಾಗೆಯೇ ಕಾಣ್ತದೆ. ಅದ್ರ ವಿಷ ಹೃದಯದ ಬಡಿತವನ್ನೇ ಕೆಡಿಸೋದು.

ಹಾಗಾದ್ರೆ ಎಲೆ ನೋಡುವ. ಹಾಲೆಯಲ್ಲಿ ಗೆಲ್ಲಿನ ಒಂದೇ ಗಂಟಿನಿಂದ ಸುತ್ತಲೂ ನಾಲ್ಕರಿಂದ ಏಳು ಎಲೆ ಹೊರಡ್ತದೆ, ಕೊಡೆಯ ಕಡ್ಡಿಗಳು ಬಿಚ್ಚಿಕೊಂಡ ಹಾಗೆ, ಸರಿಯಾಗಿ ಒಂದೇ ಮಟ್ಟದಲ್ಲಿ. ಹೆಸರಲ್ಲಿ ಏಳು ಇದ್ದರೂ ಪ್ರತೀ ಗಂಟಲ್ಲಿ ಏಳೇ ಇರ್ಬೇಕು ಅಂತಿಲ್ಲ, ಐದು ಎಲೆ ಕಂಡು ಇದಲ್ಲ ಅಂತ ಸರಿಯಾದ ಮರವನ್ನೇ ಬಿಟ್ಟು ಮುಂದೆ ಹೋಗುವವ್ರೂ ಇರ್ತಾರೆ. ಬೊಂಬೆ ಹಾಲೆ, ಕೊಡಸಿಗೆ, ಕಾಸರಕ ಮೂರರಲ್ಲೂ ಒಂದು ಗಂಟಿಗೆ ಎರಡೇ ಎಲೆ, ಎದುರೆದುರು. ಕಾಸರಕದ ಎಲೆಯಲ್ಲಿ ಬುಡದಿಂದಲೇ ಮೂರೋ ಐದೋ ನರಗಳು ತುದಿಗೆ ಓಡ್ತವೆ. ಒದಳಂನಲ್ಲಿ ಹತ್ರದಿಂದ ನೋಡಿದ್ರೆ ಎಲೆಗಳು ಒಂದೇ ಗಂಟಿಂದ ಹೊರಟದ್ದಲ್ಲ, ಒಂದರ ಮೇಲೊಂದು ತಿರುಗಿಕೊಂಡು ಹತ್ತಿದ್ದು.

ಇಲ್ಲಿಗೆ ಮುಗೀತಾ ಅಂದ್ರೆ ಇಲ್ಲ, ಇನ್ನೊಂದು ಉಂಟು. ಪಶ್ಚಿಮ ಘಟ್ಟದ ಇಳಿಜಾರಲ್ಲಿ ಆಲ್ಸ್ಟೋನಿಯಾ ವೆನೆನಾಟಾ ಅನ್ನೋ ಪೊದೆಯಂಥ ಗಿಡ ಬೆಳೀತದೆ. ಹೆಸರಿನ ಮೊದಲ ಭಾಗ ನೋಡಿದ್ರೇ ಗೊತ್ತಾಗ್ತದೆ, ಹಾಲೆಯದ್ದೇ ಕುಲ. ಹಾಲು ಉಂಟು, ಎಲೆ ಸುತ್ತಲೂ ಉಂಟು. ವೆನೆನಾಟಾ ಅಂದ್ರೆ ವಿಷದ್ದು. ಇದ್ರ ಎಲೆ ಸಪುರ, ತುದಿ ಚೂಪು. ಹಾಲೆಯ ಎಲೆಯ ತುದಿ ಗುಂಡಗೆ, ದಪ್ಪ, ಮೇಲೆ ಹೊಳಪು, ಕೆಳಗೆ ಮಂಕು, ಅಡ್ಡ ನರಗಳು ಒತ್ತೊತ್ತಾಗಿ ಸಮಾನಾಂತರ ಗೆರೆ ಎಳೆದ ಹಾಗೆ. ಮತ್ತೆ ಗಾತ್ರ, ಇದು ಪೊದೆ, ಅದು ಮರ. ಹೆಸರಿನ ಮೊದಲ ಭಾಗ ಒಂದೇ ಆದ್ರೂ ಸಾಕಾಗೋದಿಲ್ಲ, ಎರಡನೇ ಭಾಗವೂ ಬೇಕು ಅಂತ ಸಸ್ಯಶಾಸ್ತ್ರದವ್ರು ಹಠ ಹಿಡಿಯೋದು ಇಂಥ ಕಾರಣಕ್ಕೆ.

ಅಂದ್ರೆ ಮೂರೂ ಒಟ್ಟಿಗೆ ಸಿಗ್ಬೇಕು: ಹಾಲು, ಒಂದೇ ಗಂಟಿಂದ ಸುತ್ತಲೂ ಹೊರಟ ಎಲೆ, ಗುಂಡಗಿನ ಎಲೆ ತುದಿ. ಒಂದು ತಪ್ಪಿದ್ರೂ ಬಿಟ್ಟು ಬರೋದು. ಸಿಕ್ಕಿದ್ರೂ ಗೊತ್ತಿರುವವ್ರಿಗೆ ಒಂದು ಗೆಲ್ಲು ತೋರಿಸಿದ ಮೇಲೆಯೇ ಕೆತ್ತೆಗೆ ಕೈ ಹಾಕೋದು ಒಳ್ಳೇದು. ಮತ್ತೆ ಸರಿಯಾದ ಮರದ ಕೆತ್ತೆಯಲ್ಲೂ ಎಕಿಟಮಿನ್ ಅನ್ನೋ ಸಸ್ಯಕ್ಷಾರ ಉಂಟು, ಅದು ಮದ್ದು, ಪಾನಕ ಅಲ್ಲ, ಲೋಟಗಟ್ಲೆ ಕುಡಿಯೋದಕ್ಕೆ ಆಗೋದಿಲ್ಲ.

ಲ್ಯಾಟಿನ್ ಹೆಸರೊಂದೇ ಸಾಕು ಅನ್ನೋರು

ಈ ಗೋಜಲಿಗೆ ಸಸ್ಯಶಾಸ್ತ್ರ ಓದಿದವ್ರು ಕೊಡೋ ಉತ್ತರ ನೇರ. ಊರಿನ ಹೆಸರು ಬಿಟ್ಟುಬಿಡಿ, ಪ್ರತೀ ಸುದ್ದಿಯಲ್ಲೂ ವೈಜ್ಞಾನಿಕ ಹೆಸರು ಹಾಕಿ. ಅವ್ರ ವಾದಕ್ಕೆ ಬಲ ಉಂಟು. ಸರ್ಚ್ ಬಾಕ್ಸಲ್ಲಿ ಹಾಲೆ ಮರ ಅಂತ ಹಾಕಿದ್ರೆ ಹತ್ತು ತರದ ಫೋಟೋ ಬರಬಹುದು, Alstonia scholaris ಅಂತ ಟೈಪ್ ಮಾಡಿದ್ರೆ ಒಂದೇ ಮರ ಬರ್ಬೇಕು. ಯಾಕಂದ್ರೆ ಸಸ್ಯಶಾಸ್ತ್ರದ ಹೆಸರು ಒಂದು ವಿವರಣೆಗೆ ಅಂಟಿಕೊಂಡದ್ದಲ್ಲ, ಒಂದು ವಸ್ತುವಿಗೆ ಅಂಟಿಕೊಂಡದ್ದು. ಪ್ರತೀ ಹೆಸರಿಗೂ ಒಂದು ಮಾದರಿ ಇರ್ತದೆ, ಎಲ್ಲೋ ಒಂದು ಹರ್ಬೇರಿಯಮ್ಮಿನಲ್ಲಿ ಒಣಗಿಸಿ ಅಂಟಿಸಿಟ್ಟ ಗೆಲ್ಲು, ಅಥವಾ ಹಳೇ ಹೆಸರಾದ್ರೆ ಒಂದು ಚಿತ್ರ. ಜಗಳ ಬಂದ್ರೆ ಆ ಮಾದರಿಯನ್ನ ತೆಗೆದು ನೋಡೋದು, ಅದು ಯಾವ ಗಿಡವೋ ಹೆಸರು ಆ ಗಿಡಕ್ಕೆ. ಎರಡು ಜನ ಒಂದೇ ಗಿಡಕ್ಕೆ ಎರಡು ಹೆಸರು ಇಟ್ಟಿದ್ರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದು ನಿಲ್ತದೆ. ಊರಿನ ಹೆಸರಿಗೆ ಇಂಥ ಕೋರ್ಟು ಇಲ್ಲ.

ಎದುರು ವಾದ ಊರಿನ ಮದ್ದು ಗೊತ್ತಿರೋ ಹಿರಿಯರದ್ದು, ಅದನ್ನೂ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಮರದ ಬುಡದಲ್ಲಿ ನಿಂತವ್ರಿಗೆ ಲ್ಯಾಟಿನ್ ಹೆಸರಿಂದ ಎಂತ ಪ್ರಯೋಜನ? ಹೆಸರು ಸರಿ ಗೊತ್ತಿದ್ದು ಮರ ಗೊತ್ತಿಲ್ಲದಿದ್ರೆ ಕಾಸರಕವನ್ನೇ ಆಲ್ಸ್ಟೋನಿಯಾ ಅಂತ ಕರೆದು ಜಜ್ಜಬಹುದು. ಇನ್ನೂ ಒಂದು ಮಾತು ಅವ್ರು ಹೇಳ್ತಾರೆ, ನಿಮ್ಮ ವೈಜ್ಞಾನಿಕ ಹೆಸರುಗಳೂ ಬದಲಾಗ್ತಾ ಇರ್ತವಲ್ಲ ಅಂತ.

ಅದು ನಿಜ, ಅದಕ್ಕೆ ಕೊಡಸಿಗೆಗಿಂತ ಒಳ್ಳೇ ಉದಾಹರಣೆ ಬೇಡ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಅನ್ನೋ ಗ್ರಂಥ 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಹೊರಬಂತು. ಇಟ್ಟಿ ಅಚ್ಯುತನ್ ಅನ್ನೋ ಈಳವ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅನ್ನೋ ಕೊಂಕಣಿ ಪಂಡಿತರು ಅದಕ್ಕೆ ಮಾಹಿತಿ ಕೊಟ್ಟವ್ರು. ಆ ಪುಸ್ತಕದಲ್ಲಿ ಪಾಲ ಮತ್ತು ಕೊಡಗಪಾಲ ಬೇರೆ ಬೇರೆ ಗಿಡಗಳಾಗಿ, ಬೇರೆ ಬೇರೆ ಚಿತ್ರಗಳಾಗಿ ಉಂಟು. ಊರಿನವ್ರಿಗೆ ಗೊಂದಲ ಇರಲಿಲ್ಲ. ಆದ್ರೆ 1753ರಲ್ಲಿ ಲಿನೇಯಸ್ ಸ್ವೀಡನ್ನಿನಲ್ಲಿ ಕೂತು ಹೆಸರಿಡುವಾಗ ಶ್ರೀಲಂಕಾದ ಒಂದು ಗಿಡವನ್ನೂ ಮಲಬಾರಿನ ಕೊಡಗಪಾಲವನ್ನೂ ಒಂದೇ ಅಂದ್ಕೊಂಡು ಎರಡನ್ನೂ ಆಮಶಂಕೆಯ ಮದ್ದು ಅನ್ನೋ ಅರ್ಥದ ಆಂಟಿಡಿಸೆಂಟೆರಿಕಮ್ ಅನ್ನೋ ಹೆಸರಿನಡಿ ಹಾಕಿದ. ಶ್ರೀಲಂಕಾದ್ದು ರೈಟಿಯಾ, ಮಲಬಾರಿನದ್ದು ಹೊಲರೀನಾ. ನಿಯಮದ ಪ್ರಕಾರ ಆ ಹೆಸರು ಶ್ರೀಲಂಕಾದ ಗಿಡಕ್ಕೆ ಸೇರಿದ್ದು, ಆದ್ರೆ ಮದ್ದಿನ ಪುಸ್ತಕಗಳಲ್ಲಿ ನಮ್ಮ ಕೊಡಸಿಗೆಯನ್ನ ಕಾಲಕಾಲದಿಂದ ಹೊಲರೀನಾ ಆಂಟಿಡಿಸೆಂಟೆರಿಕಾ ಅಂತಲೇ ಬರ್ಕೊಂಡು ಬಂದ್ರು, ಭಾರತದ ಆಯುರ್ವೇದ ಫಾರ್ಮಕೋಪಿಯ ಅನ್ನೋ ಸರಕಾರಿ ಮದ್ದಿನ ಪುಸ್ತಕದಲ್ಲೂ ಕುಟಜಕ್ಕೆ ಕೊಟ್ಟಿರೋದು ಅದೇ ಹೆಸರು. ಈಗ ಸಸ್ಯಶಾಸ್ತ್ರಜ್ಞರು ಒಪ್ಪಿರೋದು ಹೊಲರೀನಾ ಪ್ಯುಬೆಸೆನ್ಸ್.

ಇಷ್ಟಕ್ಕೇ ನಿಲ್ಲಲಿಲ್ಲ. ಕುಟಜದ ತೊಗಟೆಗೆ ಬೊಂಬೆ ಹಾಲೆಯ ತೊಗಟೆ ಬೆರೆಸಿ ಮಾರೋ ಚಾಳಿ ವ್ಯಾಪಾರದಲ್ಲಿ ಹಳೇದು. ಬೀಜದಲ್ಲೂ ಅದೇ ಕತೆ, ಗ್ರಂಥಿಗೆ ಅಂಗಡಿಯಲ್ಲಿ ಕಹಿ ಇಂದ್ರಜವ, ಸಿಹಿ ಇಂದ್ರಜವ ಅಂತ ಎರಡು ಇರ್ತದೆ, ಕಹಿ ಕೊಡಸಿಗೆಯದ್ದು, ಸಿಹಿ ರೈಟಿಯಾದ್ದು. ಪುಸ್ತಕದಲ್ಲಿ ಹೆಸರು ಕೂಡಿಕೊಂಡದ್ದೂ ಗೋಣಿಯಲ್ಲಿ ಮಾಲು ಕೂಡಿಕೊಂಡದ್ದೂ ಇದೇ ಎರಡು ಮರಗಳಲ್ಲಿ.

ಆದ್ರೂ ಈ ಕತೆಯಿಂದ ವೈಜ್ಞಾನಿಕ ಹೆಸರು ಬೇಡ ಅಂತ ಹೇಳೋದು ಸರಿ ಕಾಣೋದಿಲ್ಲ. ತಪ್ಪು ಆಗಿತ್ತು ಅಂತ ಇವತ್ತು ನಮಗೆ ಗೊತ್ತಾದದ್ದೇ ಹಳೇ ಮಾದರಿಗಳು, ಹಳೇ ಚಿತ್ರಗಳು ಇನ್ನೂ ಇರೋದ್ರಿಂದ, ಹಿಂದೆ ಹೋಗಿ ನೋಡೋದಕ್ಕೆ ಒಂದು ದಾರಿ ಇರೋದ್ರಿಂದ. ಬಂಟ್ವಾಳದ ಹಾಲೆ ಚನ್ನಪಟ್ಟಣಕ್ಕೆ ಹೋಗಿ ಅರ್ಥ ಬದಲಿಸಿದ್ದಕ್ಕೆ ಅಂಥ ದಾಖಲೆ ಎಲ್ಲಿಯೂ ಸಿಗೋದಿಲ್ಲ.

ಸಂಸ್ಕೃತ ಹೆಸರು ಹಾಕಿದ್ರೆ?

ಮಧ್ಯದ ದಾರಿ ಅಂತ ಕೆಲವ್ರು ಹೇಳೋದು, ಲ್ಯಾಟಿನ್ ಕಷ್ಟ, ಊರಿನ ಹೆಸರು ನೂರು, ಎಲ್ಲರೂ ಸಪ್ತಪರ್ಣಿ ಅಂತ ಒಂದೇ ಹೇಳುವ ಅಂತ. ಈ ಒಂದು ಮರದ ಮಟ್ಟಿಗೆ ಅದು ನಡೀತದೆ, ಫಾರ್ಮಕೋಪಿಯದಲ್ಲೂ ಸಪ್ತಪರ್ಣ ಅಂದ್ರೆ ಆಲ್ಸ್ಟೋನಿಯಾ ಸ್ಕೋಲಾರಿಸ್ಸೇ. ಆದ್ರೆ ಇದನ್ನೇ ಎಲ್ಲ ಗಿಡಕ್ಕೂ ನಿಯಮ ಮಾಡಿದ್ರೆ ಕೂಡ್ಲೇ ಸಿಕ್ಕಿಬೀಳ್ತೇವೆ. ನಮ್ಮ ಕಡೆ ಬ್ರಾಹ್ಮಿ ಅಂದ್ರೆ ಒಂದೆಲಗ, ತುಳುವಲ್ಲಿ ತಿಮರೆ, ಚಟ್ನಿ ಮಾಡೋದು, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಫಾರ್ಮಕೋಪಿಯದಲ್ಲಿ ಬ್ರಾಹ್ಮಿ ಅಂದ್ರೆ ಬಕೋಪಾ ಮೊನ್ನಿಯೇರಿ, ನೀರಿನ ಬದಿ ನೆಲಕ್ಕೆ ಹರಡೋ ಸಣ್ಣ ದಪ್ಪ ಎಲೆಯ ಗಿಡ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಅಂತ ಹೆಸರು. ಎರಡರ ಕುಟುಂಬವೇ ಬೇರೆ. ಇಲ್ಲಿ ಯಾರೂ ಸಾಯೋದಿಲ್ಲ ಬಿಡಿ, ಆದ್ರೆ ಬ್ರಾಹ್ಮಿ ಎಣ್ಣೆಯ ಬಾಟ್ಲಿಯಲ್ಲಿರೋದು ಯಾವುದು ಅಂತ ಹೆಸರು ನೋಡಿ ಹೇಳೋದಕ್ಕೆ ಆಗೋದಿಲ್ಲ, ಹಿಂದಿರೋ ಸಣ್ಣ ಅಕ್ಷರದ ಲ್ಯಾಟಿನ್ ಓದ್ಲೇಬೇಕು.

ಈಗ ಬದಲಾಗ್ತಿರೋದು

ಮೊದಲು ಒಂದು ಮನೆಯವ್ರು ಒಂದು ಮರದ ಕೆತ್ತೆ ತಂದು ಆ ಮನೆಯವ್ರೇ ಕುಡೀತಿದ್ರು. ಈಗ ಸಂಘ ಸಂಸ್ಥೆಗಳು, ಅಪಾರ್ಟ್‌ಮೆಂಟಿನವ್ರು ದೊಡ್ಡ ಪಾತ್ರೆಯಲ್ಲಿ ಮಾಡಿ ಹಂಚ್ತಾರೆ. ತಿಳಿದವ್ರು ಮುಂದೆ ನಿಂತು ಮಾಡಿದ್ರೆ ಇದು ಮನೆಮನೆಯಲ್ಲಿ ಅಂದಾಜಿಗೆ ಮಾಡೋದಕ್ಕಿಂತ ಕ್ಷೇಮ. ಆದ್ರೆ ಒಂದು ಸಲ ತಪ್ಪಿದ್ರೆ ತಪ್ಪು ಇಡೀ ಬೀದಿಗೆ ಹೋಗ್ತದೆ, ಮತ್ತೆ ಅರೆದು ಸೋಸಿದ ಮೇಲೆ ಅದು ಯಾವ ಮರ ಅಂತ ಕುಡಿಯುವವ್ರಿಗೆ ತಿಳಿಯೋ ದಾರಿಯೇ ಇಲ್ಲ. ಒಣ ಕೆತ್ತೆ, ಪುಡಿ ಆದ್ರೂ ಹಾಗೆಯೇ, ಸೂಕ್ಷ್ಮದರ್ಶಕವೋ ರಾಸಾಯನಿಕ ಪರೀಕ್ಷೆಯೋ ಬೇಕು. ಹಂಚೋ ಜಾಗದಲ್ಲಿ ಪಾತ್ರೆಯ ಪಕ್ಕ ಅದೇ ಮರದ ಎಲೆ ಇರೋ ಒಂದು ಗೆಲ್ಲು ಇಟ್ರೆ ಬಂದವ್ರಲ್ಲಿ ಯಾರಾದ್ರೂ ಒಬ್ರು ತಿಳಿದವ್ರು ನೋಡಿ ಹೇಳಬಹುದು, ಖರ್ಚೂ ಇಲ್ಲ.

ಪಂಚಾಯತಿನಲ್ಲೂ ಇದೇ ಸಮಸ್ಯೆ ಬೇರೆ ರೂಪದಲ್ಲಿ ಬರ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರೂರಿನ ಗಿಡಮರ, ಅವುಗಳ ಬಳಕೆಯ ತಿಳುವಳಿಕೆಯನ್ನ ಸ್ಥಳೀಯ ಸಮಿತಿ ದಾಖಲೆ ಮಾಡಿಡ್ಬೇಕು. ಅಲ್ಲಿ ಬರೀ ಹಾಲೆ, ತೊಗಟೆ ಮದ್ದಿಗೆ ಅಂತ ಬರೆದು ಬಿಟ್ರೆ ಕಾರ್ಕಳದ ದಾಖಲೆಯನ್ನೂ ರಾಮನಗರದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಓದುವವ್ರಿಗೆ ಒಂದೇ ಮರದ ಎರಡು ಬಳಕೆ ಅಂತ ಕಾಣ್ತದೆ. ಬರೀ ಲ್ಯಾಟಿನ್ ಹೆಸರು ಬರೆದ್ರೆ ಹೇಳಿದ ಅಜ್ಜಿ ಯಾವ ಹೆಸರಿಂದ ಕರೆದ್ರು ಅನ್ನೋದು ಹೋಗ್ತದೆ, ಮುಂದೆ ಆ ಊರಿನವ್ರೇ ಆ ದಾಖಲೆಯನ್ನ ಓದಿ ಗಿಡ ಹುಡುಕೋದಕ್ಕೆ ಆಗೋದಿಲ್ಲ. ಊರಿನ ಹೆಸರು, ಊರು ಯಾವುದು ಅಂತ, ಸಸ್ಯಶಾಸ್ತ್ರದ ಹೆಸರು, ಒಂದು ಒಣಗಿಸಿದ ಗೆಲ್ಲು, ನಾಲ್ಕೂ ಒಟ್ಟಿಗೆ ಇದ್ರೆ ಮಾತ್ರ ಅದು ಉಪಯೋಗಕ್ಕೆ ಬರೋ ದಾಖಲೆ.

ಇನ್ನೊಂದು ಕಡೆ ಮರಗಳದ್ದೇ ಪಾಡು. ಕೆತ್ತೆಯನ್ನ ಒಂದು ಬದಿಯಲ್ಲಿ ಅಂಗೈ ಅಗಲ ತೆಗೆದ್ರೆ ಮರ ಸುಧಾರಿಸ್ತದೆ, ಸುತ್ತಲೂ ಉಂಗುರದ ಹಾಗೆ ತೆಗೆದ್ರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋ ದಾರಿ ಕಡೀತದೆ, ಮರ ನಿಧಾನಕ್ಕೆ ಸಾಯ್ತದೆ. ರಸ್ತೆ ಬದಿಯ, ಎಲ್ಲರಿಗೂ ಗೊತ್ತಿರೋ ಹಾಲೆ ಮರಗಳಿಗೆ ಪ್ರತೀ ಆಟಿಯಲ್ಲಿ ಹತ್ತಾರು ಜನ ಕಲ್ಲು ಹಾಕ್ತಾರೆ. ಗುರ್ತದ ಮರ ಒಣಗಿದ ಮೇಲೆ ಮುಂದಿನ ವರ್ಷ ಅದೇ ಜನ ಗುರ್ತ ಇಲ್ಲದ ಗುಡ್ಡೆಗೆ ಟಾರ್ಚ್ ಹಿಡ್ಕೊಂಡು ಹೋಗ್ತಾರೆ, ಕಾಸರಕ ಇರೋದೂ ಅಲ್ಲೇ.